‘ಏನಿಲ್ಲ ಬಿಡಮ್ಮ’ ಅನ್ನುವ ಮಗನ ಜೊತೆ ಮಾತು ಶುರು ಮಾಡುವುದು ಹೇಗೆ?

ಜೂನ್‌ನಲ್ಲಿ ಫಸ್ಟ್ ಪಿಯುಸಿಗೆ ಸೇರಿದ ಮಗ ದಸರಾ ರಜೆ ಮುಗಿಯುವ ಹೊತ್ತಿಗೆ ಬೇರೆ ಯಾರೋ ಆಗಿಬಿಟ್ಟಂತೆ ಕಾಣುತ್ತಾನೆ. ಕರೆದರೆ ಉತ್ತರವಿಲ್ಲ, ಎರಡನೇ ಸಲ ಕರೆದರೆ ರೇಗುತ್ತಾನೆ. ಹಗಲು ಮಲಗುತ್ತಾನೆ, ರಾತ್ರಿ ಎದ್ದಿರುತ್ತಾನೆ. ಮನೆಯವರು ಇದಕ್ಕೆ ಬೇಗ ಒಂದು ಹೆಸರು ಇಟ್ಟುಬಿಡುತ್ತಾರೆ. ಅಪ್ಪನಿಗೆ ಅದು ಕೊಬ್ಬು, ಅಜ್ಜಿಗೆ ದೃಷ್ಟಿ, ಮಾವನಿಗೆ ಮೊಬೈಲ್ ಹುಚ್ಚು, ಪಕ್ಕದ ಮನೆಯವರಿಗೆ ವಯಸ್ಸಿನ ದೋಷ. ಹೆಸರು ಇಟ್ಟ ಮೇಲೆ ಹುಡುಗನನ್ನು ನೋಡುವುದನ್ನೇ ಬಿಡುತ್ತೇವೆ. ಕೊಬ್ಬು ಎಂದುಕೊಂಡವರು ಇಳಿಸಲು ಹೊರಡುತ್ತಾರೆ, ಮೊಬೈಲ್ ಎಂದುಕೊಂಡವರು ಕಿತ್ತುಕೊಳ್ಳುತ್ತಾರೆ. ಹುಡುಗನಿಗೆ ಏನಾಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಹದಿಹರೆಯದವರ ಖಿನ್ನತೆ ನಾವು ಊಹಿಸಿಕೊಂಡಂತೆ ಇರುವುದಿಲ್ಲ ಎಂಬುದು ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ. ದೊಡ್ಡವರು ಖಿನ್ನತೆಗೆ ಬಿದ್ದರೆ ಸಪ್ಪಗಾಗುತ್ತಾರೆ, ಅಳುತ್ತಾರೆ, ಬೇಸರ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹದಿನಾಲ್ಕು, ಹದಿನಾರರ ಮಕ್ಕಳಲ್ಲಿ ಅದೇ ಕಾಯಿಲೆ ಎಷ್ಟೋ ಸಲ ಸಿಡುಕಿನ ರೂಪದಲ್ಲಿ ಬರುತ್ತದೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಮಾನದಂಡದಲ್ಲೇ ಈ ವಯಸ್ಸಿನವರ ಮಟ್ಟಿಗೆ ‘ದುಃಖ’ದ ಜಾಗದಲ್ಲಿ ‘ಸಿಡುಕುತನ’ ಇದ್ದರೂ ಸಾಕು ಎಂದಿದೆ. ಅಳುವ ಮಗುವನ್ನು ಹತ್ತಿರ ಕರೆದುಕೊಳ್ಳುತ್ತೇವೆ, ಸಿಡುಕುವ ಮಗುವನ್ನು ಗದರುತ್ತೇವೆ. ಹಾಗಾಗಿ ಒಳಗೆ ಕುಸಿಯುತ್ತಿರುವ ಮಗುವಿಗೆ ಮನೆಯಲ್ಲಿ ಸಿಗುವುದು ಬೈಗುಳವೇ ಹೆಚ್ಚು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರ್ನಾಲ್ಕು ಮಂದಿ ಎಂದಾಯಿತು.

ಎಲ್ಲ ಸಿಡುಕೂ ಕಾಯಿಲೆಯಲ್ಲ, ಅದೂ ನಿಜ. ಬೆಳೆಯುವ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ, ಎದುರು ಮಾತಾಡುತ್ತಾರೆ, ಅಪ್ಪ ಅಮ್ಮನಿಗಿಂತ ಗೆಳೆಯರೇ ಹೆಚ್ಚಾಗುತ್ತಾರೆ. ಇದರಲ್ಲಿ ಯಾವುದು ಸಹಜ, ಯಾವುದಲ್ಲ ಎಂದು ತಿಳಿಯಲು ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರ ಮನೆಯ ಕತೆಯಲ್ಲ, ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವಂಥದ್ದನ್ನು ಒಂದೆಡೆ ಸೇರಿಸಿ ಹೇಳುತ್ತಿದ್ದೇನೆ.

ಹಾಸನ ಜಿಲ್ಲೆಯ ಒಂದು ಊರು. ಅಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್, ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ. ಫ್ಲೆಕ್ಸ್‌ನಲ್ಲಿ ಫೋಟೋ ಬಂತು. ಇಷ್ಟು ಅಂಕ ಬಂದವನು ಸೈನ್ಸ್ ಬಿಟ್ಟು ಇನ್ನೇನು ಓದುತ್ತಾನೆ ಎಂದು ಎಲ್ಲರೂ ಸೇರಿ ಪಿಸಿಎಂಬಿಗೆ ಸೇರಿಸಿದರು. ಅಲ್ಲಿ ಪಾಠ, ಪುಸ್ತಕ, ಪ್ರಶ್ನೆ ಎಲ್ಲವೂ ಇಂಗ್ಲಿಷ್. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಒಂಬತ್ತೂವರೆಗೆ ಕಾಲೇಜು, ನಾಲ್ಕೂವರೆಗೆ ಮನೆ. ನವೆಂಬರ್ ಹೊತ್ತಿಗೆ ಅವನು ಸಂಜೆ ಬಂದವನೇ ಬ್ಯಾಗ್ ಎಸೆದು ಮಲಗತೊಡಗಿದ. ಊಟಕ್ಕೆ ಎಬ್ಬಿಸಿದರೆ ರೇಗಾಟ. ತಂಗಿ ಪೆನ್ಸಿಲ್ ಕೇಳಲು ಹೋದರೂ ಕೂಗಾಟ.

ಆ ಅಮ್ಮ ಗದರುವ ಮೊದಲು ಎರಡು ವಾರ ಸುಮ್ಮನೆ ನೋಡಿದರು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಕ್ಕೆ ಒಂದೆರಡು ಸಾಲು ಬರೆದಿಟ್ಟರು. ಸೋಮವಾರ: ಸಂಜೆ ಐದಕ್ಕೆ ಮಲಗಿ ಎಂಟೂವರೆಗೆ ಎದ್ದ, ರಾತ್ರಿ ಒಂದೂ ಮುಕ್ಕಾಲಿಗೆ ಲೈಟ್ ಇತ್ತು, ಬೆಳಿಗ್ಗೆ ಐದೂಕಾಲಿಗೆ ನಾನೇ ಎಬ್ಬಿಸಿದೆ. ಗುರುವಾರವೂ ಹೆಚ್ಚುಕಡಿಮೆ ಅದೇ. ಶನಿವಾರ: ಗೆಳೆಯ ಕ್ರಿಕೆಟ್‌ಗೆ ಕರೆಯಲು ಬಂದ, ‘ಇಲ್ಲ ಅಂತ ಹೇಳಮ್ಮ’ ಅಂದ. ಭಾನುವಾರ: ಹತ್ತೂವರೆವರೆಗೆ ಮಲಗಿದ್ದ, ಎದ್ದ ಮೇಲೂ ಮುಖ ಬಾಡಿತ್ತು, ದೋಸೆ ಒಂದಕ್ಕೇ ಸಾಕು ಅಂದ. ಎರಡನೇ ವಾರ: ಅಜ್ಜಿ ಊರಿಗೆ ಬರಲ್ಲ ಅಂದ, ಯಾವತ್ತೂ ಬಿಡದವನು.

ಈ ಹಾಳೆಯನ್ನು ಹೇಗೆ ಓದಬೇಕು? ಮೊದಲು ನಿದ್ದೆಯನ್ನೇ ತೆಗೆದುಕೊಳ್ಳಿ. ಹರೆಯಕ್ಕೆ ಬಂದ ಮಕ್ಕಳ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ. ರಾತ್ರಿಯಾಯಿತು, ಮಲಗು ಎಂದು ದೇಹಕ್ಕೆ ಹೇಳುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಒಂಬತ್ತಕ್ಕೆ ತೂಕಡಿಸುತ್ತಿದ್ದ ಹುಡುಗನಿಗೆ ಈಗ ಹನ್ನೊಂದಾದರೂ ನಿದ್ದೆ ಬಾರದಿರುವುದು ಹಟವಲ್ಲ. ಅದೇ ಹೊತ್ತಿಗೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದೂವರೆಗೆ ಕಣ್ಣು ಮುಚ್ಚಿದವನನ್ನು ಐದೂಕಾಲಿಗೆ ಎಬ್ಬಿಸಿದರೆ ಆರು ಗಂಟೆಯೂ ಆಗಲಿಲ್ಲ. ಆ ಸಾಲವನ್ನು ಅವನು ಸಂಜೆ ಮಲಗಿ ತೀರಿಸುತ್ತಾನೆ. ಸಂಜೆ ಮೂರೂವರೆ ಗಂಟೆ ಮಲಗಿದ್ದಕ್ಕೆ ರಾತ್ರಿ ಒಂದೂವರೆಯಾದರೂ ನಿದ್ದೆ ಹತ್ತುವುದಿಲ್ಲ. ನಿದ್ದೆ ಬಾರದ ಆ ಹೊತ್ತಿಗೆ ಕೈಗೆ ಮೊಬೈಲ್ ಬರುತ್ತದೆ. ಮನೆಯವರಿಗೆ ಕಾಣುವುದು ಕೊನೆಯ ಆ ಮೊಬೈಲ್ ಮಾತ್ರ.

ಹಾಗಾದರೆ ಇದು ಬರೀ ನಿದ್ದೆಗೇಡೋ, ಅದಕ್ಕಿಂತ ಹೆಚ್ಚಿನದೋ? ಇದನ್ನು ತಿಳಿಸುವುದು ಭಾನುವಾರ. ಗಡಿಯಾರವಷ್ಟೇ ತಡವಾದ ಹುಡುಗ ರಜೆಯ ದಿನ ಹತ್ತರವರೆಗೆ ಮಲಗಿ ಎದ್ದರೆ ಲವಲವಿಕೆಯಿಂದ ಇರುತ್ತಾನೆ, ಹೊಟ್ಟೆ ತುಂಬ ತಿನ್ನುತ್ತಾನೆ, ಬ್ಯಾಟ್ ಹಿಡಿದು ಹೊರಡುತ್ತಾನೆ. ಖಿನ್ನತೆ ಇರುವವನು ಹತ್ತು ಗಂಟೆ ಮಲಗಿದರೂ ಸುಸ್ತಾಗಿಯೇ ಏಳುತ್ತಾನೆ. ಇನ್ನು ಕೆಲವು ಮಕ್ಕಳಿಗೆ ಬೆಳಗಿನ ಜಾವ ಮೂರು, ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ. ಎಚ್ಚರವಾದ ಆ ಹೊತ್ತಿನಲ್ಲಿ ಮನಸ್ಸು ತೀರಾ ಕೆಟ್ಟಿರುತ್ತದೆ. ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಚಿತ್ರವೂ ಉಂಟು. ನಾಲ್ಕೈದು ದಿನ ಎರಡು ಮೂರು ಗಂಟೆಯಷ್ಟೇ ಮಲಗಿಯೂ ದಣಿವೇ ಇಲ್ಲ, ಮಾತು ನಿಲ್ಲುವುದಿಲ್ಲ, ಏನೇನೋ ದೊಡ್ಡ ಯೋಜನೆಗಳು, ಕೈಗೆ ಸಿಕ್ಕ ದುಡ್ಡೆಲ್ಲ ಖರ್ಚು. ಹಾಗಿದ್ದರೆ ಮನೆಯಲ್ಲಿ ಮಾತುಕತೆಗೆಂದು ಕಾಯದೆ ತಕ್ಷಣ ಮನೋವೈದ್ಯರ ಬಳಿ ಹೋಗಬೇಕು.

ನಿದ್ದೆಯ ಆಚೆಗೆ ನೋಡಬೇಕಾದದ್ದು, ಇಷ್ಟಪಡುತ್ತಿದ್ದದ್ದನ್ನೂ ಬಿಟ್ಟನೇ ಎಂಬುದು. ಅಪ್ಪನ ಮೇಲೆ ಸಿಟ್ಟು, ಆದರೆ ಗೆಳೆಯರ ಜೊತೆ ನಗು ಇದ್ದರೆ ಜಗಳ ಅಪ್ಪನ ಜೊತೆ ಮಾತ್ರ ಇದೆ. ಗೆಳೆಯನೂ ಬೇಡ, ಕ್ರಿಕೆಟ್ಟೂ ಬೇಡ, ಅಜ್ಜಿ ಊರೂ ಬೇಡ, ದೋಸೆಯೂ ಬೇಡ ಎಂದರೆ ಸಂಗತಿ ಬೇರೆ. ಹೀಗೆ ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಮುಂದುವರಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆ ಹುಡುಗನ ಜೊತೆ ಹೋಲಿಸುವುದರಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಇವನನ್ನು ಹೋಲಿಸಬೇಕಾದದ್ದು ಕಳೆದ ಯುಗಾದಿಯ ಹೊತ್ತಿನ ಇವನ ಜೊತೆಗೇ. ಮೊದಲಿನಿಂದಲೂ ಮಾತು ಕಡಿಮೆಯಿದ್ದ ಮಗು ಮಾತು ಕಡಿಮೆ ಮಾಡಿದರೆ ಅದು ಸುದ್ದಿಯಲ್ಲ. ಬಾಯಿ ಮುಚ್ಚದ ಮಗಳು ಮೌನವಾದರೆ ಅದು ಸುದ್ದಿ.

ಮಗಳು ಎಂದಾಗ ಒಂದು ಮಾತು. ಹೆಣ್ಣುಮಕ್ಕಳು ಕೂಗಾಡುವುದಕ್ಕಿಂತ ಕೆಲಸ ಮಾಡಿಕೊಂಡು ಸುಮ್ಮನಾಗಿಬಿಡುವುದು ನಮ್ಮ ಮನೆಗಳಲ್ಲಿ ಹೆಚ್ಚು. ಪಾತ್ರೆ ತೊಳೆದು, ಓದಲು ಕೂತು, ಹೇಳಿದ್ದಕ್ಕೆ ತಲೆಯಾಡಿಸುವ ಹುಡುಗಿ ‘ತುಂಬ ಜವಾಬ್ದಾರಿ ಬಂದಿದೆ’ ಎಂದು ಹೊಗಳಿಸಿಕೊಳ್ಳುತ್ತಿರುತ್ತಾಳೆ. ಅವಳ ಮೌನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ನನ್ನ ಆತಂಕ.

ಮೊದಲ ವಾಕ್ಯ

ಈಗ ಮಾತಿಗೆ ಬರೋಣ. ತಂದೆತಾಯಿಯರು ಸಾಮಾನ್ಯವಾಗಿ ಆಡುವ ಮೊದಲ ವಾಕ್ಯ ‘ಏನಾಗಿದೆ ನಿಂಗೆ?’ ಎಂಬುದು. ಪ್ರೀತಿಯಿಂದ ಕೇಳಿದರೂ ಅದು ಆಪಾದನೆಯಂತೆ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಪ್ರಶ್ನೆಗೆ ಮಗುವಿನ ಬಳಿ ಉತ್ತರ ಇರುವುದಿಲ್ಲ. ತನಗೆ ಏನಾಗಿದೆ ಎಂದು ಹದಿನಾರರ ಹುಡುಗನಿಗೆ ಗೊತ್ತಿದ್ದರೆ ಅರ್ಧ ಕಷ್ಟ ಕಳೆದಂತೆಯೇ. ಗೊತ್ತಿಲ್ಲದ್ದಕ್ಕೆ ಅವನು ‘ಏನಿಲ್ಲ’ ಅನ್ನುತ್ತಾನೆ. ಅದು ಸುಳ್ಳಲ್ಲ.

ಎರಡನೆಯದು ‘ಯಾಕೆ?’ ಎಂಬ ಪ್ರಶ್ನೆ. ಯಾಕೆ ಮಲಗ್ತೀಯ, ಯಾಕೆ ಓದಲ್ಲ, ಯಾಕೆ ಹೀಗಾಡ್ತೀಯ. ಪ್ರತಿ ‘ಯಾಕೆ’ಗೂ ಮಗು ಕಾರಣ ಕೊಟ್ಟು ತಪ್ಪಿಸಿಕೊಳ್ಳಬೇಕಾಗುತ್ತದೆ. ಮಾತು ವಾದಕ್ಕೆ ತಿರುಗುತ್ತದೆ.

ಇವೆರಡರ ಬದಲು, ಎರಡು ವಾರ ನೀವು ಕಂಡದ್ದನ್ನು ಕಂಡ ಹಾಗೆಯೇ ಹೇಳಿ. ತೀರ್ಪು ಬೇಡ, ಪ್ರಶ್ನೆಯೂ ಬೇಡ. ಹಾಲಿನ ಪುಸ್ತಕದ ಹಾಳೆ ಉಪಯೋಗಕ್ಕೆ ಬರುವುದು ಇಲ್ಲೇ. ಅದನ್ನು ಅವನ ಮುಂದೆ ಹಿಡಿಯಲು ಹೋಗಬಾರದು, ಅದು ಪತ್ತೇದಾರಿ ಕೆಲಸವಾಗುತ್ತದೆ. ಅದರಿಂದ ಎರಡು ಮೂರು ಸಂಗತಿ ನಿಮ್ಮ ಬಾಯಲ್ಲಿ ಖಚಿತವಾಗಿ ಬರಬೇಕು ಅಷ್ಟೆ. ‘ನೀನು ಯಾವಾಗ್ಲೂ ಮಲಗೇ ಇರ್ತೀಯ’ ಎಂದರೆ ‘ಯಾವಾಗ್ಲೂ ಎಲ್ಲಿ?’ ಎಂದು ಮಾತು ಮುರಿಯುತ್ತದೆ. ‘ಶನಿವಾರ ಆಟಕ್ಕೆ ಬಾ ಅಂತ ಬಂದ್ರೆ ಬೇಡ ಅಂದೆ’ ಎಂದರೆ ಅದನ್ನು ಅಲ್ಲಗಳೆಯಲು ಏನೂ ಇಲ್ಲ.

ಯಾವಾಗ, ಎಲ್ಲಿ ಎಂಬುದೂ ಇಷ್ಟೇ ಮುಖ್ಯ. ಎದುರುಬದುರು ಕೂರಿಸಿಕೊಂಡು, ಟಿವಿ ಆಫ್ ಮಾಡಿ, ‘ಬಾ, ಸ್ವಲ್ಪ ಮಾತಾಡಬೇಕು’ ಎಂದರೆ ಮಗು ಮೈಯೆಲ್ಲ ಬಿಗಿದುಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರೂ ಸೇರಿ ಕೇಳಿದರೆ ವಿಚಾರಣೆ, ಮಾವನನ್ನೂ ಕರೆಸಿದರೆ ಪಂಚಾಯಿತಿ. ಇತ್ತೀಚೆಗೆ ಅವನ ಜೊತೆ ಕಡಿಮೆ ಜಗಳವಾಡಿದವರು ಯಾರೋ ಅವರೊಬ್ಬರೇ ಮಾತಾಡಲಿ. ಕೈಗೆ ಕೆಲಸವಿರುವ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಹೊತ್ತು ಒಳ್ಳೆಯದು. ಗಿರಣಿಗೆ ರಾಗಿ ಹಾಕಿಸಲು ಬೈಕಿನಲ್ಲಿ ಹೋಗುವಾಗ, ತೋಟದಲ್ಲಿ ನೀರು ಬಿಡುವಾಗ, ಬಟ್ಟೆ ಮಡಿಸುವಾಗ. ನಮ್ಮ ಹಾಸನದ ಮನೆಯಲ್ಲಿ ಅದು ಡಿಸೆಂಬರ್, ಅವರೆಕಾಯಿಯ ಕಾಲ. ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಮ್ಮ ಹಿತಕುತ್ತಿದ್ದಾರೆ. ಹುಡುಗ ನಿದ್ದೆಯಿಂದ ಎದ್ದು ಬಂದು ಪಕ್ಕದಲ್ಲಿ ಕೂತಿದ್ದಾನೆ. ಕೈ ತಾನಾಗಿ ಪಾತ್ರೆಗೆ ಹೋಗಿದೆ. ತಂಗಿ ಮನೆಯಲ್ಲಿಲ್ಲ.

‘ಮಗಾ, ಒಂದು ಹದಿನೈದು ದಿನದಿಂದ ನೋಡ್ತಿದೀನಿ. ಕಾಲೇಜಿಂದ ಬಂದೋನು ಮಲಗಿಬಿಡ್ತೀಯ. ರಾತ್ರಿ ಎರಡು ಗಂಟೆಗೆ ನಾನೆದ್ರೆ ನಿನ್ನ ರೂಮಲ್ಲಿ ಲೈಟ್ ಇರುತ್ತೆ. ಆಟಕ್ಕೂ ಹೋಗ್ತಿಲ್ಲ. ಏನೋ ಭಾರ ಹೊತ್ಕೊಂಡಿದೀಯ ಅನ್ಸುತ್ತೆ ನಂಗೆ.’

‘ಏನಿಲ್ಲ ಬಿಡಮ್ಮ.’

‘ಸರಿ ಕಣೋ. ಈಗ್ಲೇ ಹೇಳ್ಬೇಕು ಅಂತೇನಿಲ್ಲ. ಬಯ್ಯಲ್ಲ ನಾನು. ಯಾವಾಗ ಹೇಳ್ಬೇಕು ಅನ್ಸುತ್ತೋ ಅವಾಗ ಹೇಳು.’

ಆಮೇಲೆ ಅವರು ಕಾಳು ಹಿತಕುವುದನ್ನು ಮುಂದುವರಿಸಿದರು. ಮಾತು ಅಲ್ಲಿಗೆ ನಿಂತಿತು. ಬಹಳ ಮಂದಿ ಇದನ್ನು ಸೋಲು ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಆ ದಿನದ ಕೆಲಸ ಪೂರ್ತಿ ಆಯಿತು. ಅಮ್ಮ ಗಮನಿಸಿದ್ದಾಳೆ, ಬೈಯಲಿಲ್ಲ, ಒತ್ತಾಯಿಸಲಿಲ್ಲ ಎಂಬ ಮೂರು ಸಂಗತಿ ಹುಡುಗನಿಗೆ ತಿಳಿಯಿತು. ಮೊದಲ ಸಲದ ‘ಏನಿಲ್ಲ’ಕ್ಕೆ ಅಮ್ಮ ಹೇಗೆ ನಡೆದುಕೊಳ್ಳುತ್ತಾಳೆ ಎಂದು ಮಕ್ಕಳು ನೋಡುತ್ತಾರೆ. ಅಲ್ಲಿ ಅವಳು ಅತ್ತರೆ ಅಥವಾ ರೇಗಿದರೆ, ಒಳಗಿನ ದೊಡ್ಡ ಸಂಗತಿಯನ್ನು ಇವಳು ತಾಳಿಕೊಳ್ಳಲಾರಳು ಎಂದು ತೀರ್ಮಾನಿಸಿಬಿಡುತ್ತಾರೆ.

ಮೂರನೇ ದಿನವೋ ನಾಲ್ಕನೇ ದಿನವೋ, ರಾತ್ರಿ ಹತ್ತರ ಮೇಲೆ, ಅಮ್ಮ ಮಿಷನ್ ಮುಂದೆ ಕೂತು ಕಾಜಾ ಹೊಲಿಯುತ್ತಿದ್ದಾಗ ಹುಡುಗ ತಾನೇ ಬಂದು ನಿಂತ.

‘ಕ್ಲಾಸಲ್ಲಿ ಏನೂ ಅರ್ಥ ಆಗಲ್ಲಮ್ಮ.’

ಮಾತು ಬಿಗಡಾಯಿಸುವುದು ಇಲ್ಲೇ. ‘ಎಸ್ಸೆಸ್ಸೆಲ್ಸೀಲಿ ಅಷ್ಟು ತೆಗೆದೋನಿಗೆ ಇದೇನು ಮಹಾ’ ಎಂದು ಧೈರ್ಯ ತುಂಬಲು ಹೋಗುತ್ತೇವೆ. ಹುಡುಗನಿಗೆ ಕೇಳಿಸುವುದು, ಆ ಅಂಕ ತೆಗೆದವನು ಹೀಗೆ ಸೋಲಬಾರದಿತ್ತು ಎಂದು. ಅಥವಾ ‘ನಿಮ್ಮ ಚಿಕ್ಕಪ್ಪನ ಮಗನೂ ಕನ್ನಡ ಮೀಡಿಯಂನವನೇ, ಅವನು ಓದಲಿಲ್ವಾ’ ಎನ್ನುತ್ತೇವೆ. ಅಥವಾ ಅದೇ ಕ್ಷಣದಲ್ಲಿ ಪರಿಹಾರ: ‘ನಾಳೆಯಿಂದ ಇನ್ನೊಂದು ಟ್ಯೂಷನ್ ಹಾಕ್ತೀನಿ.’ ಇವೆಲ್ಲವೂ ಒಳ್ಳೆಯ ಮನಸ್ಸಿನಿಂದ ಬಂದವು, ಆದರೆ ಹುಡುಗ ಹೇಳಲು ಬಂದದ್ದರಲ್ಲಿ ಒಂದೇ ಸಾಲು ಹೊರಬಂದಿತ್ತು. ಉಳಿದದ್ದು ಒಳಗೇ ಉಳಿಯಿತು.

ಈ ಅಮ್ಮ ಮಿಷನ್ ನಿಲ್ಲಿಸಿ, ಅವನು ಹೇಳಿದ್ದನ್ನೇ ತಮ್ಮ ಮಾತಲ್ಲಿ ಹೇಳಿದರು. ‘ದಿನಾ ಅಷ್ಟು ಹೊತ್ತು ಕೂತಿದ್ದೂ ಏನೂ ಗೊತ್ತಾಗ್ದಿದ್ರೆ ಎಷ್ಟು ಸಂಕಟ ಆಗಿರ್ಬೇಕು.’ ಹುಡುಗ ಅಲ್ಲೇ ಕುಳಿತ. ಉಳಿದದ್ದೆಲ್ಲ ಬಂತು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಎದ್ದು ನಿಂತು ಇಂಗ್ಲಿಷ್ ಬಾರದೆ ತಡವರಿಸಿದ್ದು, ಹಿಂದಿನ ಬೆಂಚಿನವರು ನಕ್ಕಿದ್ದು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸ್ ಫೇಲಾದದ್ದು, ಅದನ್ನು ಮನೆಯಲ್ಲಿ ಹೇಳದೆ ಇದ್ದದ್ದು, ಫ್ಲೆಕ್ಸ್ ಹಾಕಿದವರ ಅಂಗಡಿ ಮುಂದೆ ಹಾದುಹೋಗಲು ನಾಚಿಕೆಯಾಗಿ ಸುತ್ತು ದಾರಿಯಲ್ಲಿ ಬರುತ್ತಿದ್ದದ್ದು. ರಾತ್ರಿ ಮೊಬೈಲ್‌ನಲ್ಲಿ ಅವನು ನೋಡುತ್ತಿದ್ದದ್ದರಲ್ಲಿ ಅರ್ಧ ಭಾಗ ಕನ್ನಡದಲ್ಲಿ ಫಿಸಿಕ್ಸ್ ಹೇಳಿಕೊಡುವ ವಿಡಿಯೊಗಳು. ಮೊಬೈಲ್ ಕಿತ್ತುಕೊಂಡಿದ್ದರೆ ಅದೂ ತಿಳಿಯುತ್ತಿರಲಿಲ್ಲ.

ಮಕ್ಕಳು ಹೇಳುವ ಮೊದಲು ಒಂದು ಷರತ್ತು ಹಾಕುವುದುಂಟು: ‘ಯಾರಿಗೂ ಹೇಳಲ್ಲ ಅಂತ ಆಣೆ ಇಡು.’ ಆಣೆ ಇಡಬೇಡಿ. ಯಾರೋ ಮೈ ಮುಟ್ಟಿದ್ದು, ಫೋಟೋ ಇಟ್ಟುಕೊಂಡು ಹೆದರಿಸುತ್ತಿರುವುದು, ಸಾಯುವ ಯೋಚನೆ ಬಂದದ್ದು, ಇಂಥದ್ದೇನಾದರೂ ಆಗಿದ್ದರೆ ಆಣೆ ಮುರಿಯಲೇಬೇಕಾಗುತ್ತದೆ. ಹದಿನೆಂಟರೊಳಗಿನ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಮುಚ್ಚಿಡುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧ. ‘ಊರಿಗೆಲ್ಲ ಹೇಳಲ್ಲ. ನಿನ್ನ ಜೀವಕ್ಕೆ ಅಪಾಯ ಇದೆ ಅನ್ಸಿದ್ರೆ ಮಾತ್ರ ಸಹಾಯ ಮಾಡೋರಿಗೆ ಹೇಳ್ತೀನಿ, ಅದನ್ನೂ ನಿಂಗೆ ತಿಳಿಸಿಯೇ ಹೇಳ್ತೀನಿ’ ಎಂಬುದು ಉಳಿಸಿಕೊಳ್ಳಬಹುದಾದ ಮಾತು.

ಕೇಳಲು ಬಾಯಿ ಬಾರದ ಪ್ರಶ್ನೆ

ಇಷ್ಟೆಲ್ಲ ಕೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮಗು ‘ನಾನು ಯಾತಕ್ಕೂ ಬರಲ್ಲ’, ‘ನಾನಿಲ್ದಿದ್ರೆ ನಿಮಗೇ ಆರಾಮು’ ಎಂಬಂಥ ಮಾತಾಡಿದ್ದರೆ, ತನಗಿಷ್ಟವಾದ ವಸ್ತುಗಳನ್ನು ಹಂಚತೊಡಗಿದ್ದರೆ, ಕೈ ಮೇಲೆ ಗಾಯದ ಗೆರೆ ಕಂಡು ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರೆ ಆ ಪ್ರಶ್ನೆಯನ್ನು ಅಂದೇ ಕೇಳಬೇಕು. ಇವು ಯಾವುವೂ ಇಲ್ಲದಿದ್ದರೂ, ಎರಡು ವಾರದಿಂದ ಮಂಕಾಗಿರುವ ಮಗುವನ್ನು ಕೇಳುವುದರಲ್ಲಿ ತಪ್ಪಿಲ್ಲ. ಸುತ್ತಿಬಳಸದೆ, ನೇರವಾಗಿ, ಮೆಲುದನಿಯಲ್ಲಿ:

‘ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯ್ಬೇಕು ಅಂತ ಅನ್ಸುತ್ತೆ. ನಿಂಗೆ ಹಾಗೆ ಯಾವತ್ತಾದ್ರೂ ಅನ್ಸಿದೆಯಾ?’

ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಎಲ್ಲ ತಂದೆತಾಯಿಗೂ ಇದೆ. ಹಾಗಾಗುವುದಿಲ್ಲ ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಯೋಚನೆ ಇಲ್ಲದ ಮಗು ‘ಛೆ, ಇಲ್ಲಮ್ಮ’ ಅನ್ನುತ್ತದೆ. ಇರುವ ಮಗುವಿಗೆ, ಅಷ್ಟು ದಿನ ಒಂಟಿಯಾಗಿ ಹೊತ್ತದ್ದನ್ನು ಇಳಿಸಲು ಒಂದು ಜಾಗ ಸಿಗುತ್ತದೆ. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ‘ಇಲ್ಲ’ ಎಂಬ ಉತ್ತರವನ್ನೇ ಬೇಡುತ್ತದೆ.

‘ಹೌದು’ ಎಂದರೆ ಉಪದೇಶ ಬೇಡ, ‘ನಮ್ಮ ಗತಿ ಏನು’ ಎಂಬ ಅಳುವೂ ಬೇಡ. ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಹೇಗೆ, ಯಾವಾಗ ಎಂದು ಯೋಚನೆ ಮಾಡಿದ್ದಾನೆಯೇ ಎಂದೂ ಕೇಳಿ. ಯೋಜನೆಯವರೆಗೆ ಹೋಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು, ಅಲ್ಲಿಯವರೆಗೆ ಅರೆಕ್ಷಣವೂ ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳು ಬೀಗದೊಳಗೆ ಹೋಗಬೇಕು, ಸಾಧ್ಯವಾದರೆ ಮನೆಯಿಂದಲೇ ಹೊರಗೆ. ಇದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಆ ತೀವ್ರ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಕೈಗೆಟುಕದ್ದು ಜೀವ ಉಳಿಸುತ್ತದೆ.

ನಮ್ಮ ಉದಾಹರಣೆಯ ಹುಡುಗ ಹೇಳಿದ್ದು, ‘ಸಾಯ್ಬೇಕು ಅಂತ ಅಲ್ಲ, ಬೆಳಿಗ್ಗೆ ಆಗ್ಲೇಬಾರ್ದು ಅನ್ಸುತ್ತೆ’ ಎಂದು. ಯೋಜನೆ ಏನೂ ಇರಲಿಲ್ಲ. ಅಷ್ಟು ಮಾತೂ ವೈದ್ಯರನ್ನು ನೋಡಲು ಸಾಕಾದ ಕಾರಣ.

ಮಾತಾದ ಮೇಲೆ

ಅಮ್ಮ ಮೊದಲು ಮಾಡಿದ್ದು ಬೆಳಗಿನ ಟ್ಯೂಷನ್ ಬಿಡಿಸಿದ್ದು. ಬೀದಿಯವರೆಲ್ಲ ಹುಬ್ಬೇರಿಸಿದರು, ಅಪ್ಪನೂ ಮೊದಲು ಒಪ್ಪಲಿಲ್ಲ. ನನ್ನನ್ನು ಕೇಳಿದರೆ ಅದು ಸರಿಯಾದ ತೀರ್ಮಾನ. ನಿದ್ದೆಯಿಲ್ಲದ ತಲೆಗೆ ಅರ್ಥವಾಗದ ಭಾಷೆಯಲ್ಲಿ ಪಾಠ ತುಂಬಿಸಿ ಪ್ರಯೋಜನವಿಲ್ಲ. ಏಳುವ ಹೊತ್ತು ಆರೂಮುಕ್ಕಾಲಿಗೆ ನಿಗದಿಯಾಯಿತು, ಭಾನುವಾರವೂ ಅದಕ್ಕಿಂತ ಒಂದು ಗಂಟೆಗೆ ಮೀರಿ ತಡವಿಲ್ಲ. ಎದ್ದ ಮೇಲೆ ಹೊರಗೆ ಬಿಸಿಲಿಗೆ ಬಂದು ಅರ್ಧ ಗಂಟೆ, ಏಕೆಂದರೆ ತಡವಾದ ಗಡಿಯಾರವನ್ನು ಹಿಂದಕ್ಕೆ ಎಳೆಯುವುದು ಬೆಳಗಿನ ಬೆಳಕೇ. ಸಂಜೆಯ ಮೂರೂವರೆ ಗಂಟೆಯ ನಿದ್ದೆ ಅರ್ಧ ಗಂಟೆಗೆ ಇಳಿಯಿತು. ಮಲಗುವ ಹೊತ್ತನ್ನು ಒಂದೇ ದಿನ ಹತ್ತಕ್ಕೆ ತರಲು ಹೋಗದೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದರು. ರಾತ್ರಿ ಮೊಬೈಲ್‌ಗಳೆಲ್ಲ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ. ಮಗನದು ಮಾತ್ರ ಎಂದರೆ ಅದು ಶಿಕ್ಷೆ, ಎಲ್ಲರದೂ ಎಂದರೆ ಮನೆಯ ಪದ್ಧತಿ.

ನಿದ್ದೆ ಸರಿಹೋದರೆ ಸಿಡುಕು ತಾನಾಗಿ ಇಳಿಯುವ ಮಕ್ಕಳಿದ್ದಾರೆ. ಎರಡು ಮೂರು ವಾರ ಕಳೆದರೂ ಸುಸ್ತು, ಮಂಕು ಹಾಗೆಯೇ ಇದ್ದರೆ ಅಥವಾ ಸಾವಿನ ಮಾತು ಬಂದಿದ್ದರೆ ವೈದ್ಯರ ಬಳಿ ಹೋಗಬೇಕು. ಇಲ್ಲಿ ಒಂದು ರಕ್ತಪರೀಕ್ಷೆ ಮರೆಯಬಾರದು. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಹೀಗೆಯೇ ಸುಸ್ತು, ಮಂಕು, ಅತಿನಿದ್ದೆ ತರಬಲ್ಲವು. ರಕ್ತಹೀನತೆಯಂತೂ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ, ಅದರಾಚೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ.

ಹುಡುಗನನ್ನು ಒಪ್ಪಿಸುವಾಗ ‘ತಲೆ ಡಾಕ್ಟರ ಹತ್ರ ಹೋಗೋಣ’ ಎನ್ನುವುದಕ್ಕಿಂತ ‘ನಿದ್ದೆ ಸರಿಯಿಲ್ಲ, ಸುಸ್ತು ಹೋಗ್ತಿಲ್ಲ, ತೋರಿಸೋಣ’ ಎಂದರೆ ಒಪ್ಪುತ್ತಾನೆ. ಅದು ನಿಜವೂ ಹೌದು. ಸುಳ್ಳು ಹೇಳಿ ಕರೆದೊಯ್ದರೆ ಮಾತ್ರ ಅಲ್ಲಿ ಅವನ ಬಾಯಿ ಬಿಡಿಸಲಾಗದು. ವೈದ್ಯರು ಸ್ವಲ್ಪ ಹೊತ್ತು ಅವನೊಬ್ಬನ ಜೊತೆ ಮಾತಾಡುತ್ತಾರೆ, ನಿಮ್ಮನ್ನು ಹೊರಗೆ ಕೂರಿಸುತ್ತಾರೆ. ಬೇಸರಪಡಬೇಡಿ, ಅದು ಚಿಕಿತ್ಸೆಯ ಭಾಗ. ಹಾಲಿನ ಪುಸ್ತಕದ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ, ನಾಲ್ಕು ಪ್ರಶ್ನೆಗೆ ಅದರಲ್ಲೇ ಉತ್ತರವಿರುತ್ತದೆ. ಖಿನ್ನತೆ ಸೌಮ್ಯವಾಗಿದ್ದರೆ ಸಾಮಾನ್ಯವಾಗಿ ಆಪ್ತಸಮಾಲೋಚನೆಯಿಂದ ಶುರು ಮಾಡುತ್ತಾರೆ. ಹೆಚ್ಚಿದ್ದರೆ ಮಾತ್ರೆಯನ್ನೂ ಕೊಡಬಹುದು. ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚು ಕಣ್ಣಿಟ್ಟಿರಬೇಕು, ತಳಮಳ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸ್ವಲ್ಪ ಗೆಲುವಾದ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬಾರದು.

ಅಪ್ಪ ರಜೆ ಹಾಕಿ ಕಾಲೇಜಿಗೆ ಹೋಗಿ ಫಿಸಿಕ್ಸ್ ಮೇಷ್ಟ್ರನ್ನು ಕಂಡರು. ಹುಡುಗನನ್ನು ಕೇಳಿ, ಏನು ಹೇಳಬಹುದು, ಏನು ಹೇಳಬಾರದು ಎಂದು ತಿಳಿದುಕೊಂಡೇ ಹೋದರು. ಇಂಗ್ಲಿಷ್ ಕಷ್ಟ ಎಂಬುದನ್ನು ಹೇಳಬಹುದು, ಬೆಂಚಿನವರು ನಕ್ಕಿದ್ದನ್ನು ಹೇಳಬಾರದು ಎಂದಾಗಿತ್ತು. ಮೇಷ್ಟ್ರು ಮುಖ್ಯ ಪದಗಳನ್ನು ಕನ್ನಡದಲ್ಲೂ ಹೇಳಲು ಒಪ್ಪಿದರು. ಎಲ್ಲ ಕಡೆ ಹೀಗೆ ಒಳ್ಳೆಯ ಮೇಷ್ಟ್ರು ಸಿಗುತ್ತಾರೆ ಎಂದಲ್ಲ. ಸಿಗದಿದ್ದರೆ, ಮುಂದಿನ ವರ್ಷ ಬೇರೆ ವಿಷಯ ತೆಗೆದುಕೊಳ್ಳುವುದನ್ನೂ ಅವಮಾನವೆಂದು ನೋಡದೆ ಮಗುವಿನ ಜೊತೆ ಕೂತು ಯೋಚಿಸಬೇಕಾಗುತ್ತದೆ. ಫ್ಲೆಕ್ಸ್ ಹಾಕಿದವರು ಅದನ್ನು ಎಂದೋ ತೆಗೆದು ಬೇರೆ ಹಾಕಿರುತ್ತಾರೆ.

ಇನ್ನೂ ಅನುಮಾನದಲ್ಲಿರುವ ತಂದೆತಾಯಿಗೆ, ಇದು ಕಾಯಿಲೆಯೋ ವಯಸ್ಸೋ ತಿಳಿಯದೆ ರಾತ್ರಿ ಎರಡಕ್ಕೆ ಮಗನ ರೂಮಿನ ಲೈಟ್ ನೋಡುತ್ತ ನಿಂತವರಿಗೆ ಒಂದು ಸಂಖ್ಯೆ ಇದೆ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗು ಒಪ್ಪುವವರೆಗೆ ಕಾಯಬೇಕಾಗಿಲ್ಲ. ಮಾತು ಹೇಗೆ ಶುರು ಮಾಡಲಿ ಎಂದು ಕೇಳಲು ಅಪ್ಪ ಅಮ್ಮನೂ ಫೋನ್ ಮಾಡಬಹುದು.